ಖಾಲಿ ಬಿಟ್ಟ ವರ್ಷಗಳಲ್ಲಿ ಏನು ಬರೆಯೋಣ?

ನಮ್ಮ ತೆಂಗಿನಗುಂಡಿಯಲ್ಲಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರ ಬಯೋಡೇಟಾ ನೋಡಿದರೆ, ಹೆಚ್ಚಿನವುಗಳಲ್ಲಿ ಒಂದು ಜಾಗ ಖಾಲಿ ಇರುತ್ತದೆ. ಡಿಗ್ರಿ ಮುಗಿದ ವರ್ಷ ಇರುತ್ತದೆ, ಅಪ್ಪನ ಹೆಸರು, ಊರು, ಗೊತ್ತಿರುವ ಭಾಷೆ ಎಲ್ಲ ಇರುತ್ತದೆ. ಆದರೆ ಡಿಗ್ರಿ ಮುಗಿದಂದಿನಿಂದ ಇವತ್ತಿನವರೆಗೆ ಏನು ಮಾಡಿದೆ ಎಂಬ ಕಡೆ ಏನೂ ಇರುವುದಿಲ್ಲ. ಕೇಳಿದರೆ ತಲೆ ಕೆಳಗೆ ಹಾಕಿ, "ಎಕ್ಸಾಮಿಗೆ ಓದ್ತಾ ಇದ್ದೆ ಅಣ್ಣ" ಅನ್ನುತ್ತಾರೆ.

ನಾವು ಜಿಲ್ಲೆಯ ಸುದ್ದಿ ಬರೆದು ಕಳಿಸುವವರು. ಊರಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯುವವರು ಎಂದು ಹೆಸರಾದ ಮೇಲೆ ಪಂಚಾಯತಿಯ ಮನವಿಯಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ಎಲ್ಲವೂ ನಮ್ಮ ಬಳಿಗೇ ಬರುತ್ತವೆ. ಈ ಎರಡು ವರ್ಷಗಳಲ್ಲಿ ಹೆಚ್ಚು ಬಂದದ್ದು ಖಾಸಗಿ ಕಂಪನಿಗೆ ಹಾಕುವ ಅರ್ಜಿಗಳು. ನಾವೂ ಡಿಪ್ಲೊಮಾ ಮುಗಿಸಿ ಎರಡು ವರ್ಷ ಎಫ್‌ಡಿಎ ಪುಸ್ತಕ ಹಿಡಿದು ಕೂತವರೇ. ಹಾಗಾಗಿ ಆ ಖಾಲಿ ಜಾಗ ನಮಗೆ ಹೊಸದಲ್ಲ.

ಈ ಅರ್ಜಿಗಳು ಈಗ ಹೆಚ್ಚಿದ್ದಕ್ಕೆ ಒಂದು ಕಾರಣ ಇದೆ. 2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಯ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದು ಬೇಡ ಎಂದು ರಾಜ್ಯ ಸಂಪುಟ ನಿರ್ಧರಿಸಿತು. ನೋಟಿಫಿಕೇಶನ್ ಕಾಯುತ್ತಿದ್ದವರಿಗೆ ಮನೆಯಲ್ಲಿ ಹೇಳಲು ಮಾತು ಉಳಿಯಲಿಲ್ಲ. ಮೊದಲಾದರೆ "ಮುಂದಿನ ತಿಂಗಳು ಕರೀತಾರೆ" ಅನ್ನಬಹುದಿತ್ತು. ಆಮೇಲೆ ಒಬ್ಬೊಬ್ಬರಾಗಿ ಮಂಗಳೂರು, ಹುಬ್ಬಳ್ಳಿ, ಗೋವಾ ಕಡೆಯ ಕಂಪನಿಗಳತ್ತ ಮುಖ ಮಾಡಿದರು.

ಒಬ್ಬ ಹುಡುಗನ ಅರ್ಜಿಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ. ಹೆಸರು ಬೇಡ, ಅವನೂ ಬೇಡ ಅಂದಿದ್ದಾನೆ. ಅಪ್ಪ ಬೋಟಿನಲ್ಲಿ ದುಡಿಯುವವರು. ಹುಡುಗ 2017ರಲ್ಲಿ ಬಿಕಾಂ ಮುಗಿಸಿದ. ಮರುವರ್ಷ ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಎಂಟು ತಿಂಗಳು ಕೋಚಿಂಗ್ ಪಡೆದ. ದುಡ್ಡು ಖಾಲಿಯಾದ ಮೇಲೆ ಊರಿಗೆ ಬಂದು ಮನೆಯಲ್ಲೇ ಓದಿದ. 2025ರಲ್ಲಿ ಅವನಿಗೆ 29 ವರ್ಷ. ಮಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ಸಹಾಯಕನ ಕೆಲಸ ಇತ್ತು. ಅವನು ನಮ್ಮ ಬಳಿ ತಂದ ಬಯೋಡೇಟಾದಲ್ಲಿ ಒಂದೇ ಸಾಲಿತ್ತು: "2017ರಿಂದ 2025: ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ."

ಈ ಸಾಲಿನಲ್ಲಿ ಸುಳ್ಳಿಲ್ಲ. ಆದರೆ ಕಂಪನಿಯಲ್ಲಿ ಕೂತು ಅರ್ಜಿ ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಎಂಟು ವರ್ಷ ದಿನಕ್ಕೆ ಹತ್ತು ಗಂಟೆ ಓದಿದವನೂ ಇದನ್ನೇ ಬರೆಯುತ್ತಾನೆ, ಕಟ್ಟೆಯ ಮೇಲೆ ಕೂತು ದಿನ ಕಳೆದವನೂ ಇದನ್ನೇ ಬರೆಯುತ್ತಾನೆ. ಇಬ್ಬರನ್ನೂ ಬೇರೆ ಮಾಡಿ ತೋರಿಸುವುದು ತಾರೀಕು ಮತ್ತು ದಾಖಲೆ ಮಾತ್ರ.

ಅವನ ಹಳೆಯ ಫೈಲು ತರಿಸಿ ಹಾಲ್ ಟಿಕೆಟ್‌ಗಳನ್ನು ಸಾಲಾಗಿ ಇಟ್ಟೆವು. ಮೊದಲನೆಯದು ಎಫ್‌ಡಿಎ. ಆ ಪರೀಕ್ಷೆ 2021ರ ಜನವರಿ 24ಕ್ಕೆ ಇತ್ತು. ಹಿಂದಿನ ದಿನ ಪ್ರಶ್ನೆಪತ್ರಿಕೆ ಸೋರಿಕೆಯಾದದ್ದು ಗೊತ್ತಾಗಿ ಮುಂದೂಡಿದರು, ಫೆಬ್ರವರಿ 28ಕ್ಕೆ ನಡೆಯಿತು. ಎರಡನೆಯದು 545 ಪಿಎಸ್‌ಐ ಹುದ್ದೆಗಳದ್ದು. ಓಟ, ಜಿಗಿತದ ದೈಹಿಕ ಪರೀಕ್ಷೆ ದಾಟಿದವರಿಗೆ ಮಾತ್ರ ಅದರ ಲಿಖಿತ ಪರೀಕ್ಷೆ. ನಮ್ಮ ಹುಡುಗ ದಾಟಿದ್ದ. ಲಿಖಿತ ಪರೀಕ್ಷೆ 2021ರ ಅಕ್ಟೋಬರ್ 3ರಂದು ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್ 29ಕ್ಕೆ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ವಿಷಯ ಹೈಕೋರ್ಟಿಗೆ ಹೋಗಿ, 2023ರ ನವೆಂಬರ್‌ನಲ್ಲಿ ರದ್ದತಿ ಸರಿ ಎಂದು ತೀರ್ಪು ಬಂತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು.

ಈ ಒಂದು ಪರೀಕ್ಷೆಯ ಲೆಕ್ಕ ಹಾಕಿ ನೋಡಿ. ಮೊದಲ ಲಿಖಿತ ಪರೀಕ್ಷೆಯಿಂದ ಮರುಪರೀಕ್ಷೆಗೆ ಎರಡು ವರ್ಷ ಮೂರು ತಿಂಗಳಿಗೂ ಹೆಚ್ಚು. ಹುಡುಗನ ಎಂಟು ವರ್ಷಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಸಮಯ ಒಂದೇ ಪರೀಕ್ಷೆಯ ಎರಡು ತಾರೀಕುಗಳ ನಡುವೆ ಹೋಗಿದೆ. ಇದು ರಾಜ್ಯಕ್ಕೆಲ್ಲ ಗೊತ್ತಿರುವ ಸುದ್ದಿ, ಪೇಪರಿನಲ್ಲಿ ಬಂದದ್ದು. ಮಂಗಳೂರಿನ ಮ್ಯಾನೇಜರೂ ಓದಿರುತ್ತಾರೆ. ಆದರೆ "2017ರಿಂದ 2025" ಎಂದಷ್ಟೇ ಬರೆದರೆ ಆ ಸುದ್ದಿಗೂ ಈ ಹುಡುಗನಿಗೂ ಸಂಬಂಧ ಇದೆ ಎಂದು ಅವರಿಗೆ ಹೊಳೆಯುವುದಿಲ್ಲ. ಪರೀಕ್ಷೆಯ ಹೆಸರು, ತಿಂಗಳು, ವರ್ಷ ಬರೆದರೆ ತಾನಾಗಿಯೇ ಹೊಳೆಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಸೋರಿಕೆಯ ಕಥೆ, ಕೋರ್ಟಿನ ಕಥೆ, ಯಾರು ದುಡ್ಡು ಕೊಟ್ಟರು ಎಂಬ ಕಥೆಯನ್ನು ಅರ್ಜಿಯಲ್ಲಿ ತುಂಬಬಾರದು. ಹುಡುಗ ಮೊದಲು ಬರೆದ ಪತ್ರದಲ್ಲಿ ಒಂದಿಡೀ ಪುಟ ಅದೇ ಇತ್ತು. ಓದಿದರೆ ನಮಗೂ ಸಿಟ್ಟು ಬರುತ್ತಿತ್ತು. ಆದರೆ ಕಂಪನಿಯವರಿಗೆ ಅದು ತಕರಾರಿನ ಮನುಷ್ಯನ ಪತ್ರದಂತೆ ಕಾಣುತ್ತದೆ. "ಆ ಪರೀಕ್ಷೆ ರದ್ದಾಗಿ ಮರುಪರೀಕ್ಷೆ" ಎಂಬ ನಾಲ್ಕು ಪದ ಸಾಕು.

ಫೈಲಿನ ಅಡಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಎಂತದ್ದು ಇದು ಎಂದು ಕೇಳಿದೆವು.

"ಅದು ಬೋಟಿನ ಲೆಕ್ಕ ಅಣ್ಣ. ಅದೆಂತ ಕೆಲಸವಾ?"

ಅದು ಕೆಲಸವೇ ಆಗಿತ್ತು. 2019ರ ಆಗಸ್ಟಿನಿಂದ ಅಪ್ಪ ದುಡಿಯುವ ಬೋಟಿನ ಲೆಕ್ಕವನ್ನು ಇವನೇ ಬರೆಯುತ್ತಿದ್ದ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ ಇರುವುದರಿಂದ ವರ್ಷಕ್ಕೆ ಹತ್ತು ತಿಂಗಳ ಕೆಲಸ. ವಾರಕ್ಕೆ ಮೂರು ಸಂಜೆ ಬಂದರಿಗೆ ಹೋಗಿ ಡೀಸೆಲ್, ಐಸ್, ಬಲೆ ರಿಪೇರಿಯ ಖರ್ಚು ಬರೆಯುವುದು, ಬಂಗುಡೆ, ತಾರ್ಲೆ ಮಾರಿದ ದುಡ್ಡು ಬರೆಯುವುದು, ಖರ್ಚು ಕಳೆದು ಮಾಲೀಕರಿಗೆ ಎಷ್ಟು, ತಾಂಡೇಲನಿಗೆ ಎಷ್ಟು, ಉಳಿದವರಿಗೆ ಎಷ್ಟು ಎಂದು ಪಾಲು ಹಾಕುವುದು. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಬಂದರಿನಲ್ಲಿ ಜಗಳ. ಆರು ಸೀಸನ್ ಜಗಳ ಇಲ್ಲದೆ ಪಾಲು ಹಾಕಿದ್ದಾನೆ. ತಿಂಗಳಿಗೆ ಸ್ವಲ್ಪ ದುಡ್ಡೂ ಸಿಗುತ್ತಿತ್ತು. ಸಂಬಳದ ಚೀಟಿ ಇಲ್ಲ, ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲ ಎಂಬ ಒಂದೇ ಕಾರಣಕ್ಕೆ ಅವನು ಅದನ್ನು ಬರೆದಿರಲಿಲ್ಲ.

ಸರ್ಕಾರಿ ಕೆಲಸವನ್ನೇ ಕೆಲಸ ಎಂದು ಕಂಡವರಿಗೆ ಉಳಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಹತ್ತು ಮಕ್ಕಳಿಗೆ ಟ್ಯೂಷನ್ ಹೇಳಿದ ಹುಡುಗಿ ಅದನ್ನು ಬರೆಯುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಹಬ್ಬದ ತಿಂಗಳು ಬಿಲ್ ಬರೆದವನು ಬರೆಯುವುದಿಲ್ಲ. ಬರೆಯಿರಿ. ಅರೆಕಾಲಿಕ ಎಂದೇ ಬರೆಯಿರಿ, ವಾರಕ್ಕೆ ಎಷ್ಟು ದಿನ ಎಂದೂ ಬರೆಯಿರಿ. ಕೆಲಸ ಕೊಟ್ಟವರು ಫೋನಿನಲ್ಲಿ "ಹೌದು, ಮಾಡಿದ್ದಾನೆ" ಎಂದು ಹೇಳಲು ಒಪ್ಪಿದರೆ ಅವರ ಹೆಸರು ಕೊಡಿ. ಬೋಟಿನ ಮಾಲೀಕರು ಒಪ್ಪಿದರು.

ಇದರ ಬದಲು ಕೆಲವರು ಹಿಡಿಯುವ ಇನ್ನೊಂದು ದಾರಿ ಇದೆ. ಪರಿಚಯದ ಯಾವುದೋ ಅಂಗಡಿ, ಏಜೆನ್ಸಿಯಿಂದ "ಮೂರು ವರ್ಷ ಪೂರ್ಣಾವಧಿ ಕೆಲಸ ಮಾಡಿದ್ದಾನೆ" ಎಂಬ ಸರ್ಟಿಫಿಕೇಟ್ ಬರೆಸಿಕೊಳ್ಳುವುದು. ಮೊದಲು ಇದು ನಡೆಯುತ್ತಿತ್ತೋ ಏನೋ, ಈಗ ಸಿಕ್ಕಿಬೀಳುವುದು ಸುಲಭ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಸಾಮಾನ್ಯವಾಗಿ ಪಿಎಫ್ ಕಾಯ್ದೆಯೊಳಗೆ ಬರುತ್ತವೆ. ಪಿಎಫ್ ಕಟ್ಟಿದವರಿಗೆಲ್ಲ ಯುಎಎನ್ ಎಂಬ 12 ಅಂಕಿಯ ನಂಬರ್ ಇರುತ್ತದೆ, ಯಾವ ಸಂಸ್ಥೆಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂಬುದು ಅದರಲ್ಲಿ ಕಾಣುತ್ತದೆ. ಕಂಪನಿ ಆ ನಂಬರ್ ಕೇಳುತ್ತದೆ, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್ ಕೇಳುತ್ತದೆ. ಪರಿಶೀಲನೆಗೆಂದೇ ಬೇರೆ ಏಜೆನ್ಸಿಯನ್ನು ಇಟ್ಟುಕೊಂಡ ಕಂಪನಿಗಳೂ ಇವೆ. ಸೇರುವಾಗ "ಕೊಟ್ಟ ಮಾಹಿತಿ ಸುಳ್ಳಾದರೆ ಕೆಲಸದಿಂದ ತೆಗೆಯಬಹುದು" ಎಂಬ ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಎರಡು ವರ್ಷದ ಮೇಲೆ ಗೊತ್ತಾದರೂ ಆ ಸಹಿ ಅಲ್ಲೇ ಇರುತ್ತದೆ. ಓದಿದ ವರ್ಷಗಳಿಂದ ಕೆಲಸ ತಪ್ಪಿದರೆ ಇನ್ನೊಂದು ಕಂಪನಿ ಇದೆ. ಸುಳ್ಳು ಸರ್ಟಿಫಿಕೇಟಿನಿಂದ ತೆಗೆದರೆ ಅದನ್ನು ಮುಂದಿನ ಕಂಪನಿಗೆ ವಿವರಿಸುವುದು ಹೇಗೆ?

ಇನ್ನು ಹುಡುಗನ ನಿಜವಾದ ಕೊರತೆಯ ವಿಷಯ. ಅದು ಎಂಟು ವರ್ಷ ಅಲ್ಲ, ಜಿಎಸ್‌ಟಿ. ದೇಶದಲ್ಲಿ ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಇವನ ಬಿಕಾಂ ಮುಗಿದದ್ದು ಅದಕ್ಕಿಂತ ಸ್ವಲ್ಪ ಮೊದಲು. ಅಂದರೆ ಕಾಲೇಜಿನಲ್ಲಿ ಓದಿದ ವ್ಯಾಟ್, ಸೇವಾ ತೆರಿಗೆಯ ಪಾಠ ಅವನು ಹೊರಗೆ ಬರುವಷ್ಟರಲ್ಲಿ ಹಳೆಯದಾಗಿತ್ತು. ಲೆಕ್ಕಪತ್ರ ಸಹಾಯಕನ ಕೆಲಸದಲ್ಲಿ ದಿನಾ ಬೇಕಾಗುವುದು ಜಿಎಸ್‌ಟಿ. ತಿಂಗಳು ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಯಾದರೆ ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ, ತೆರಿಗೆ ಕಟ್ಟುವ ರಿಟರ್ನ್ ಅನ್ನು 20ರೊಳಗೆ ಹಾಕಬೇಕು. ಇದು ಗೊತ್ತಿಲ್ಲದವನನ್ನು ಕಂಪನಿ ಏಕೆ ತೆಗೆದುಕೊಳ್ಳಬೇಕು?

ನಮ್ಮ ಮಾತು ಕೇಳಿ ಅರ್ಜಿಯನ್ನು ಮೂರು ತಿಂಗಳು ತಡೆದ. ಮಾರ್ಚಿನಿಂದ ಮೇವರೆಗೆ ಭಟ್ಕಳ ಪೇಟೆಗೆ ಹೋಗಿ ಟ್ಯಾಲಿ ಮತ್ತು ಜಿಎಸ್‌ಟಿ ಕಲಿತ. ಬೋಟಿನ ಒಂದು ತಿಂಗಳ ಲೆಕ್ಕವನ್ನೇ ಟ್ಯಾಲಿಯಲ್ಲಿ ಹಾಕಿ ಅಭ್ಯಾಸ ಮಾಡಿದ. ನೀವು ಯಾವುದೇ ಕೆಲಸಕ್ಕೆ ಅರ್ಜಿ ಹಾಕುವ ಮೊದಲು ಇದನ್ನು ಕೇಳಿಕೊಳ್ಳಿ: ನಾನು ಓದುತ್ತ ಕೂತ ವರ್ಷಗಳಲ್ಲಿ ಈ ಕೆಲಸದಲ್ಲಿ ಏನು ಬದಲಾಯಿತು? ಅದನ್ನು ತುಂಬಿಕೊಂಡು ಹೋದರೆ ವರ್ಷಗಳ ಪ್ರಶ್ನೆಯ ಮೊನೆ ಅರ್ಧ ಮುರಿಯುತ್ತದೆ.

ಕೊನೆಗೆ ಬಯೋಡೇಟಾದ ಆ ಒಂದು ಸಾಲು ಮೂರು ಭಾಗ ಆಯಿತು. ಕಂಪನಿ ಇಂಗ್ಲಿಷ್ ಕೇಳಿತ್ತು, ಹಾಗಾಗಿ ಇದನ್ನೇ ಸರಳ ಇಂಗ್ಲಿಷಿನಲ್ಲಿ ಹಾಕಿದೆವು. ಕನ್ನಡದಲ್ಲಿ ಹೀಗಿತ್ತು:

"2025 ಮಾರ್ಚ್‌ನಿಂದ ಮೇ: ಟ್ಯಾಲಿ ಮತ್ತು ಜಿಎಸ್‌ಟಿ ತರಬೇತಿ, ಭಟ್ಕಳ.

2019 ಆಗಸ್ಟ್‌ನಿಂದ 2025 ಮೇ: ಮೀನುಗಾರಿಕೆ ಬೋಟಿನ ಲೆಕ್ಕ ಬರೆಯುವ ಅರೆಕಾಲಿಕ ಕೆಲಸ, ತೆಂಗಿನಗುಂಡಿ ಬಂದರು. ಖರ್ಚು, ಮಾರಾಟ ಮತ್ತು ದುಡಿಯುವವರ ಪಾಲಿನ ಲೆಕ್ಕ. ವರ್ಷಕ್ಕೆ 10 ತಿಂಗಳು, ವಾರಕ್ಕೆ ಮೂರು ಸಂಜೆ.

2018ರಿಂದ 2024: ರಾಜ್ಯ ಸರ್ಕಾರದ ನೇಮಕಾತಿ ಪರೀಕ್ಷೆಗಳ ತಯಾರಿ. ಬರೆದವು: ಎಫ್‌ಡಿಎ, ಫೆಬ್ರವರಿ 2021. ಪಿಎಸ್‌ಐ, ದೈಹಿಕ ಪರೀಕ್ಷೆ ಪಾಸ್, ಲಿಖಿತ ಅಕ್ಟೋಬರ್ 2021, ಆ ಪರೀಕ್ಷೆ ರದ್ದಾಗಿ ಮರುಪರೀಕ್ಷೆ ಜನವರಿ 2024. ಗ್ರಾಮ ಆಡಳಿತ ಅಧಿಕಾರಿ, ಅಕ್ಟೋಬರ್ 2024. ಆಯ್ಕೆಯಾಗಿಲ್ಲ. ಯಾವ ಫಲಿತಾಂಶವೂ ಬಾಕಿ ಇಲ್ಲ."

"ಆಯ್ಕೆಯಾಗಿಲ್ಲ ಅಂತ ನಾವೇ ಬರೆಯೋದಾ ಅಣ್ಣ?" ಎಂದು ಹುಡುಗ ಕೇಳಿದ. ಬರೆಯಬೇಕು ತಮ್ಮಾ. ಆಯ್ಕೆಯಾಗಿದ್ದರೆ ನೀನು ಇಲ್ಲಿಗೆ ಏಕೆ ಬರುತ್ತಿದ್ದೆ ಎಂಬುದು ಅವರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದು ಕೊನೆಯ ವಾಕ್ಯ. ಫಲಿತಾಂಶ ಬಾಕಿ ಇದೆಯೋ ಇಲ್ಲವೋ ಎಂಬುದನ್ನೇ ಕಂಪನಿಯವರು ಹುಡುಕುತ್ತಿರುತ್ತಾರೆ.

ಇಷ್ಟು ಅರ್ಜಿ ಬರೆದ ಮೇಲೆ ನಮಗೆ ತಿಳಿದದ್ದು ಇದು. ಕಂಪನಿಯವರಿಗೆ ಹಿಂದಿನ ಎಂಟು ವರ್ಷದ ಚಿಂತೆ ಅಷ್ಟಿಲ್ಲ, ಮುಂದಿನ ಎಂಟು ತಿಂಗಳ ಚಿಂತೆ ಇದೆ. ಕೆಲಸ ಕಲಿಸಿ ಕೈಗೆ ಬರುವಷ್ಟರಲ್ಲಿ ನೋಟಿಫಿಕೇಶನ್ ಬಂತೆಂದು ಇವನು ಹೊರಟುಬಿಟ್ಟರೆ? ರಾಜ್ಯದ ಬಹುತೇಕ ಹುದ್ದೆಗಳಿಗೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ 2ಎ, 2ಬಿ, 3ಎ, 3ಬಿ ವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ 40, ಇಷ್ಟಾದರೂ ವಯಸ್ಸಿನ ಮಿತಿ ಇದೆ. ಹುಡುಗನಿಗೆ 29. ಇನ್ನೂ ವರ್ಷಗಳಿವೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಹಾಗಾಗಿ ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. "ಇಲ್ಲ ಸರ್, ಇನ್ನು ಜನ್ಮದಲ್ಲಿ ಪರೀಕ್ಷೆ ಬರೆಯುವುದಿಲ್ಲ" ಎಂದರೆ ಯಾರೂ ನಂಬುವುದಿಲ್ಲ. "ನೋಡೋಣ ಸರ್" ಎಂದರೆ ಅಲ್ಲಿಗೇ ಮುಗಿಯಿತು. ಹುಡುಗನ ಜೊತೆ ಕೂತು, ಅವನ ಮನಸ್ಸಿನಲ್ಲಿ ನಿಜವಾಗಿ ಏನಿದೆ ಎಂದು ಮೊದಲು ಕೇಳಿದೆವು. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ: "ದಿನವಿಡೀ ಓದೋದು ಮುಗೀತು ಅಣ್ಣ. ಒಂದು ಒಳ್ಳೆ ನೋಟಿಫಿಕೇಶನ್ ಬಂದ್ರೆ ಬರೀಬಹುದು. ಅದನ್ನು ಸುಳ್ಳು ಹೇಳೋಕೆ ನನ್ನಿಂದ ಆಗೋದಿಲ್ಲ."

ಅದನ್ನೇ ಉತ್ತರ ಮಾಡಿಕೊಂಡ. "ಪೂರ್ಣಾವಧಿ ತಯಾರಿ ನಿಲ್ಲಿಸಿದ್ದೇನೆ ಸರ್. ಮುಂದೆ ಯಾವುದಾದರೂ ಪರೀಕ್ಷೆ ಬರೆದರೆ ರಜೆ ಹಾಕಿ ಒಂದು ದಿನ ಬರೆಯುತ್ತೇನೆ. ಪರೀಕ್ಷೆಯಾದ ಮೇಲೆ ಫಲಿತಾಂಶ, ದಾಖಲೆ ಪರಿಶೀಲನೆ, ಪೊಲೀಸ್ ವೆರಿಫಿಕೇಶನ್ ಎಲ್ಲ ಮುಗಿಯಲು ತಿಂಗಳುಗಳೇ ಬೇಕು. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ದಿನವೇ ನಿಮಗೆ ಹೇಳುತ್ತೇನೆ. ಎರಡು ತಿಂಗಳ ನೋಟಿಸಿಗೆ ಒಪ್ಪಿಗೆ ಇದೆ." ಇದರಲ್ಲಿ ಕಂಪನಿಗೆ ಬೇಕಾದದ್ದು ಇದೆ. ರಾತ್ರೋರಾತ್ರಿ ಮಾಯವಾಗುವುದಿಲ್ಲ ಎಂಬ ಭರವಸೆ, ಅದಕ್ಕೆ ಕಾರಣ, ಮತ್ತು ಕಾಗದದ ಮೇಲೆ ಹಾಕಬಹುದಾದ ಒಂದು ಷರತ್ತು.

ಎಲ್ಲ ಕಡೆ ಇದು ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಅವನು ಮೊದಲು ಹೋದ ಹುಬ್ಬಳ್ಳಿಯ ಕಂಪನಿಯಲ್ಲಿ ಈ ಉತ್ತರ ಕೇಳಿ, "ನಮಗೆ ಐದು ವರ್ಷ ಇರುವವರು ಬೇಕು" ಎಂದು ಕಳಿಸಿದರು. ಇಪ್ಪತ್ತೆರಡರ ಹುಡುಗರನ್ನೇ ತೆಗೆದುಕೊಳ್ಳಬೇಕು ಎಂದು ಮೊದಲೇ ತೀರ್ಮಾನಿಸಿದ ಕಂಪನಿಗಳೂ ಇವೆ. ಅಲ್ಲಿ ಎಷ್ಟು ಚಂದ ಬರೆದರೂ ಅರ್ಜಿ ಮೇಲೇಳುವುದಿಲ್ಲ. ಮಂಗಳೂರಿನವರು ಬೋಟಿನ ಲೆಕ್ಕದ ಬಗ್ಗೆಯೇ ಅರ್ಧ ಗಂಟೆ ಕೇಳಿದರು. ಪಾಲು ಹೇಗೆ ಹಾಕುತ್ತೀಯ, ಡೀಸೆಲ್ ಸಾಲದಲ್ಲಿ ತಂದರೆ ಎಲ್ಲಿ ಬರೆಯುತ್ತೀಯ ಎಂದು. ಪರೀಕ್ಷೆಯ ಬಗ್ಗೆ ಕೇಳಿದ್ದು ಎರಡೇ ಪ್ರಶ್ನೆ. ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಿ, ಆರು ತಿಂಗಳ ಪ್ರೊಬೇಶನ್ ಮೇಲೆ ತೆಗೆದುಕೊಂಡರು.

ಸೇರುವ ಹೊತ್ತಿನ ಎರಡು ಮಾತು ಬಾಕಿ ಇವೆ. ಕೆಲವು ಕಂಪನಿಗಳು ಕೆಲಸವಿಲ್ಲದ ವರ್ಷಗಳಿಗೆ ಸ್ಟ್ಯಾಂಪ್ ಪೇಪರಿನಲ್ಲಿ ಅಫಿಡವಿಟ್ ಕೇಳುತ್ತವೆ, ನೋಟರಿ ಮುಂದೆ ಮಾಡಿಸಬೇಕು. ಅದರಲ್ಲಿ ಬರೆಯುವ ತಿಂಗಳು, ವರ್ಷ, ಬಯೋಡೇಟಾದಲ್ಲಿ ಬರೆದದ್ದು, ಕಂಪನಿಯ ಫಾರ್ಮಿನಲ್ಲಿ ತುಂಬಿದ್ದು ಮೂರೂ ಒಂದೇ ಇರಬೇಕು. ಒಂದು ಕಡೆ 2018, ಇನ್ನೊಂದು ಕಡೆ 2019 ಎಂದಾದರೆ ನಿಜ ಹೇಳಿದವನ ಮೇಲೂ ಅನುಮಾನ ಬರುತ್ತದೆ. ಬಯೋಡೇಟಾದ ಒಂದು ಪ್ರತಿಯನ್ನು ಎದುರಿಗಿಟ್ಟುಕೊಂಡೇ ಉಳಿದವನ್ನು ತುಂಬಿ.

ಇನ್ನೊಂದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟಿಡಿ ಎಂದರೆ ಒಪ್ಪಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ತನ್ನಿ. ನಾಳೆ ಯಾವುದೋ ಹಳೆಯ ಪರೀಕ್ಷೆಯ ಹೆಚ್ಚುವರಿ ಪಟ್ಟಿಯಲ್ಲಿ ಹೆಸರು ಬಂದು ದಾಖಲೆ ಪರಿಶೀಲನೆಗೆ ಕರೆದರೆ ಅದು ನಿಮ್ಮ ಕೈಯಲ್ಲೇ ಇರಬೇಕು.

ಈಗಲೂ ಓದುತ್ತಿರುವವರು ಇದನ್ನು ಓದುತ್ತಿದ್ದರೆ ಇವತ್ತೇ ಒಂದು ಫೈಲ್ ಮಾಡಿ. ಪ್ರತಿ ಪರೀಕ್ಷೆಯ ಹಾಲ್ ಟಿಕೆಟ್, ಒಎಂಆರ್ ಕಾರ್ಬನ್ ಪ್ರತಿ, ನಿಮ್ಮ ನಂಬರ್ ಇರುವ ಅಂಕಪಟ್ಟಿಯ ಪಿಡಿಎಫ್ ಅದರಲ್ಲಿರಲಿ. ವೆಬ್‌ಸೈಟಿನಲ್ಲಿ ಇದೆಯಲ್ಲ ಎಂದು ಬಿಡಬೇಡಿ, ಹಳೆಯ ಲಿಂಕ್‌ಗಳು ಎಷ್ಟೋ ಸಲ ತೆರೆಯುವುದಿಲ್ಲ. ನಡುವೆ ಮಾಡಿದ ಸಣ್ಣ ಕೆಲಸವನ್ನೂ ತಾರೀಕು ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ. ಆಯ್ಕೆಯಾದರೆ ಆ ಹಾಳೆ ಬೇಕಾಗುವುದಿಲ್ಲ. ಆಗದಿದ್ದರೆ ಅರ್ಜಿ ಅಲ್ಲಿಂದಲೇ ಶುರುವಾಗುತ್ತದೆ.